ಉಬ್ಬಿದ ಟಿನ್ನಿನ ಫೋಟೋ ಬಂದಾಗ ನಾನು ನೋಡುವುದು

ಟಿನ್‌ಗಳಲ್ಲಿ ಆಹಾರ ತುಂಬುವ ಕಡೆ ಗುಣಮಟ್ಟ ನೋಡುವ ಕೆಲಸ ನನ್ನದು. ಅದಕ್ಕೇ ಪರಿಚಯದವರು ಆಗಾಗ ಫೋಟೋ ಕಳಿಸಿ "ಇದನ್ನ ತಿನ್ನಬಹುದಾ?" ಅಂತ ಕೇಳುತ್ತಾರೆ.

ಹೋದ ತಿಂಗಳು ಗೆಳೆಯನೊಬ್ಬ ಬೇಯಿಸಿದ ಕಾಳಿನ ಟಿನ್ನಿನ ಫೋಟೋ ಕಳಿಸಿದ. ಮೇಲಿನಿಂದ, ತೀರಾ ಹತ್ತಿರದಿಂದ, ಫ್ಲ್ಯಾಶ್ ಹಾಕಿ ತೆಗೆದದ್ದು. ಹೀಗೆ ತೆಗೆದರೆ ನಡುಭಾಗ ಸುಮ್ನೆ ಉಬ್ಬಿದಂತೆ ಕಾಣುತ್ತದೆ. ಮುಚ್ಚಳದ ಮೇಲಿನ ಉಂಗುರದಂಥ ಗೆರೆಗಳೂ ಕಣ್ಣಿಗೆ ಮೋಸ ಮಾಡುತ್ತವೆ. ಆ ಫೋಟೋದಲ್ಲಿ ಏನನ್ನೂ ಹೇಳಲು ಆಗುತ್ತಿರಲಿಲ್ಲ.

"ಟಿನ್ನನ್ನು ಮೇಜಿನ ಮೇಲೆ ಇಟ್ಟು ಮುಚ್ಚಳಕ್ಕೆ ಅಡ್ಡಲಾಗಿ ಸ್ಕೇಲ್ ಇಡು. ಹಿಂದೆ ಬೆಳಕಿರಲಿ. ಫೋನನ್ನು ಸ್ಕೇಲಿನ ಮಟ್ಟಕ್ಕೆ ಇಳಿಸಿ, ಸ್ವಲ್ಪ ದೂರದಿಂದ ತೆಗಿ. ಒತ್ತಿ ನೋಡಬೇಡ" ಅಂದೆ. ಟಿನ್ನಿನೊಳಗೆ ಗಾಳಿಯ ಒತ್ತಡ ಹೊರಗಿಗಿಂತ ಕಡಿಮೆ ಇರುತ್ತದೆ, ಹಾಗಾಗಿ ಮುಚ್ಚಳ ಒಂಚೂರು ಒಳಕ್ಕೆ ಕುಸಿದಿರಬೇಕು. ಸರಿಯಿದ್ದರೆ ಸ್ಕೇಲ್ ಎರಡೂ ಅಂಚಿನ ಮೇಲೆ ಕೂರುತ್ತದೆ, ನಡುವೆ ಬೆಳಕಿನ ಸಂದು ಕಾಣುತ್ತದೆ. ಅಂಚಿಗಿಂತ ಮೇಲಕ್ಕೆ ಉಬ್ಬಿದ್ದರೆ ಸ್ಕೇಲ್ ನಡುವೆ ತಾಗಿ, ಅಂಚಿನ ಕಡೆ ಸಂದು ಬೀಳುತ್ತದೆ.

ಫೋಟೋ ಬಂತು. ನಡುವೆ ಸಂದು ಚೆನ್ನಾಗಿಯೇ ಇತ್ತು. "ಸದ್ಯ, ಚೆನ್ನಾಗಿದೆ ಅಲ್ವಾ?" ಅಂದ. ತಳದ್ದೂ ಕಳಿಸು ಅಂದೆ. ಟಿನ್ ತಲೆಕೆಳಗು ಮಾಡಿ ಸ್ಕೇಲ್ ಇಟ್ಟರೆ ಅದು ನಡುವಿನ ಉಬ್ಬಿನ ಮೇಲೆ ತಕ್ಕಡಿಯಂತೆ ಓಲಾಡುತ್ತಿತ್ತು! ಒಳಗೆ ಅನಿಲ ಹುಟ್ಟಿದ ಟಿನ್ನಿನಲ್ಲೂ ಒಂದೇ ತುದಿ ಉಬ್ಬಿ, ಇನ್ನೊಂದು ಸಪಾಟಾಗಿ ಉಳಿಯುವುದುಂಟು. ಒಂದೇ ಬದಿ ನೋಡಿ ಬಿಟ್ಟಿದ್ದರೆ ನಾನೂ ಏಮಾರುತ್ತಿದ್ದೆ.

"ತೆಗೆದು ವಾಸನೆ ನೋಡ್ತೀನಿ, ಒಂಚೂರು ರುಚಿ" ಅಂದ. ಬೇಡ ಅಂದೆ. ಕಾಳಿನಂಥ ಹುಳಿಯಿಲ್ಲದ ಪದಾರ್ಥದಲ್ಲಿ ಬೊಟುಲಿನಮ್ ಎಂಬ ಬ್ಯಾಕ್ಟೀರಿಯಾ ಬೆಳೆದಿದ್ದರೆ ಅದರ ವಿಷ ಮೂಗಿಗೆ, ನಾಲಿಗೆಗೆ ಗೊತ್ತಾಗುವುದಿಲ್ಲ. ಆ ಒಂಚೂರೇ ಅಪಾಯ. ತೆರೆಯದೆ ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಮಕ್ಕಳು, ಪ್ರಾಣಿಗಳ ಕೈಗೆ ಸಿಗದಂತೆ ಬಿಸಾಡಿದ.

ಟೊಮೆಟೊ, ಅನಾನಸಿನಂಥ ಹುಳಿ ಪದಾರ್ಥದ ಟಿನ್ ಬ್ಯಾಕ್ಟೀರಿಯಾ ಇಲ್ಲದೆಯೂ ಉಬ್ಬಬಹುದು. ಹುಳಿ ಲೋಹವನ್ನು ತಿಂದು ಹೈಡ್ರೋಜನ್ ಹುಟ್ಟುತ್ತದೆ. ಫೋಟೋದಲ್ಲಿ ಎರಡೂ ಒಂದೇ ಥರ ಕಾಣುವುದರಿಂದ ನನ್ನ ಉತ್ತರವೂ ಒಂದೇ, ಬಿಸಾಡಿ.

ಪೌಚ್‌ನಲ್ಲಿ ಮೊದಲು ಒಳಗೇನಿದೆ ಅಂತ ಕೇಳುತ್ತೇನೆ. ಚಿಪ್ಸ್ ಪೌಚ್‌ಗೆ ಬೇಕೆಂದೇ ನೈಟ್ರೋಜನ್ ತುಂಬಿರುತ್ತಾರೆ, ಉಬ್ಬೇ ಅದರ ಲಕ್ಷಣ. ಬೇಯಿಸಿ ಸೀಲ್ ಮಾಡಿದ, ಫ್ರಿಜ್ ಬೇಡದ ಊಟದ ಪೌಚ್ ಮಾತ್ರ ಒಳಗಿನ ಪದಾರ್ಥಕ್ಕೆ ಅಂಟಿಕೊಂಡಿರಬೇಕು. ಅದೇ ಬ್ಯಾಚಿನ ಇನ್ನೊಂದಿದ್ದರೆ ಪಕ್ಕದಲ್ಲಿ ಮಲಗಿಸಿ ಫೋಟೋ ಕೇಳುತ್ತೇನೆ. ಒಂದು ಚಪ್ಪಟೆ, ಒಂದು ದಿಂಬಿನಂತೆ ಇದ್ದರೆ ದಿಂಬು ಕಸಕ್ಕೆ.

ಆದರೆ ಚಪ್ಪಟೆ ಇದ್ದದ್ದಕ್ಕೆ "ತಿನ್ನಿ" ಅಂತ ಫೋಟೋ ನೋಡಿ ಹೇಳುವುದಿಲ್ಲ. ಅನಿಲ ಬಿಡದೆ ಹುಳಿ ಹಿಡಿಸುವ ಬ್ಯಾಕ್ಟೀರಿಯಾಗಳೂ ಇವೆ. ಸೀಲ್ ಸೋರಿದ್ದರೆ ಹುಟ್ಟಿದ ಅನಿಲವೂ ಹೊರಗೆ ಹೋಗಿರುತ್ತದೆ.