ತುಳು ಪಾಠದ ರೆಕಾರ್ಡಿಂಗ್‌ನಿಂದ ನಾನು ನೋಟ್ಸ್ ಮಾಡುವ ರೀತಿ

ಮಗಳನ್ನು ಬೆಳ್ತಂಗಡಿಗೆ ಕೊಟ್ಟ ಮೇಲೆ ತುಳು ಕಲಿಯಬೇಕು ಅನ್ನಿಸಿತು. ಬೀಗರು ನಮ್ಮ ಹತ್ತಿರ ಕನ್ನಡದಲ್ಲೇ ಮಾತಾಡುತ್ತಾರೆ. ಆದರೆ ಅಡುಗೆಮನೆಯಲ್ಲಿ ನಡೆಯುವ ಮಾತೆಲ್ಲ ತುಳು. ಚಿಕ್ಕಮಗಳೂರಿನಲ್ಲಿ ಕೂತೇ ಕಲಿಯುವ ದಾರಿ ಅಂದರೆ ಫೋನ್ ಪಾಠ. ಉಡುಪಿ ಕಡೆಯ ಒಬ್ಬರು ಮೇಡಂ ವಾರಕ್ಕೆ ಎರಡು ಸಂಜೆ ಹೇಳಿಕೊಡುತ್ತಾರೆ. ಅವರನ್ನು ಕೇಳಿ, ಒಪ್ಪಿದ ಮೇಲೆ ರೆಕಾರ್ಡ್ ಮಾಡಿಕೊಳ್ಳಲು ಶುರು ಮಾಡಿದೆ.

ತುಳುವನ್ನು ಕನ್ನಡ ಲಿಪಿಯಲ್ಲೇ ಬರೆಯುತ್ತಾರಲ್ಲ, ನೋಟ್ಸ್ ಸುಲಭ ಅಂದುಕೊಂಡಿದ್ದೆ. ತೊಂದರೆ ಬಂದದ್ದೂ ಅಲ್ಲೇ. ಮೊದಲ ತಿಂಗಳು ಪದದ ಮುಂದೆ ಅರ್ಥ ಬರೆದುಕೊಂಡು ಹೋದೆ. ‘ಬತ್ತೆ’ ಅಂದರೆ ಬಂದೆ. ಕೆಳಗೆ ಇನ್ನೊಂದು ಸಾಲಿನಲ್ಲಿ, ‘ಬತ್ತೆ’ ಅಂದರೆ ಬಂದ. ಮೂರು ವಾರ ಬಿಟ್ಟು ಪುಸ್ತಕ ತೆಗೆದರೆ ಎರಡೂ ಒಂದೇ! ತಪ್ಪು ಬರೆದುಕೊಂಡೆನೇನೋ ಎಂದು ಒಂದನ್ನು ಹೊಡೆದೂ ಹಾಕಿದೆ. ಆ ವಾರ ಬೀಗಿತ್ತಿಗೆ ಫೋನ್ ಮಾಡಿ, ನಿನ್ನೆ ಅಳಿಯ ಬಂದ ಎನ್ನುವುದಕ್ಕೆ ‘ಕೋಡೆ ಬತ್ತೆ’ ಎಂದೆ. ಅವರು ‘ಏರ್?’ ಎಂದರು. ಯಾರು ಬಂದದ್ದು ಎಂದು ಅವರಿಗೆ ಗೊತ್ತಾಗಲಿಲ್ಲ.

ರಾತ್ರಿ ಆ ಪಾಠದ ರೆಕಾರ್ಡಿಂಗ್ ಮತ್ತೆ ಹಾಕಿದೆ. ಹದಿನೆಂಟನೇ ನಿಮಿಷದಲ್ಲಿ ಮೇಡಂ ‘ಯಾನ್ ಕೋಡೆ ಬತ್ತೆ, ಆಯೆ ಕೋಡೆ ಬತ್ತೆ’ ಎಂದು ಒಂದರ ಹಿಂದೆ ಒಂದು ಹೇಳುತ್ತಾರೆ. ಹತ್ತು ಸಲ ಕೇಳಿದ ಮೇಲೆ ಕಿವಿಗೆ ಬಿತ್ತು. ‘ನಾನು ಬಂದೆ’ ಎನ್ನುವಾಗ ಕೊನೆಯ ಎ ಬಾಯಿ ಅಗಲಿಸಿ ಬರುತ್ತದೆ, ನಾವು ‘ಬ್ಯಾಂಕ್’ ಎನ್ನುವಾಗಿನ ದನಿಯ ಹಾಗೆ, ಆದರೆ ಗಿಡ್ಡ. ‘ಅವನು ಬಂದ’ ಎನ್ನುವಾಗ ಅದೇ ಎ ನಮ್ಮ ‘ಮನೆ’ಯ ಎ ಥರ ಇರುತ್ತದೆ. ಕನ್ನಡ ಅಕ್ಷರಕ್ಕೆ ಈ ವ್ಯತ್ಯಾಸ ತೋರಿಸಲು ಆಗುವುದಿಲ್ಲ. ತುಳುವಿನಲ್ಲಿ ಯಾನ್, ಆಯೆ ಎಂಬುದನ್ನು ಬಿಟ್ಟು ಮಾತಾಡುವುದೇ ಜಾಸ್ತಿ. ಆಗ ಯಾರು ಬಂದದ್ದು ಎಂದು ಹೇಳುವುದು ಆ ಒಂದು ಸ್ವರ ಮಾತ್ರ.

ಅಂದಿನಿಂದ ಕ್ರಮ ಬದಲಾಯಿತು. ಪಾಠ ನಡೆಯುವಾಗ ಪದ ಬರೆಯುವುದಿಲ್ಲ. ಗೊತ್ತಾಗದ ಕಡೆ, ಚೆನ್ನಾಗಿದೆ ಅನ್ನಿಸಿದ ಕಡೆ ಗಡಿಯಾರ ನೋಡಿ ನಿಮಿಷ ಮಾತ್ರ ಗುರುತು ಹಾಕುತ್ತೇನೆ. ಅದೇ ರಾತ್ರಿ ಆ ಜಾಗಗಳನ್ನಷ್ಟೇ ಹಾಕಿ ಕೇಳುತ್ತೇನೆ. ಒಂದು ಪಾಠಕ್ಕೆ ಹನ್ನೆರಡು ವಾಕ್ಯಕ್ಕಿಂತ ಜಾಸ್ತಿ ತೆಗೆಯುವುದಿಲ್ಲ. ಜಾಸ್ತಿ ತೆಗೆದರೆ ಮುಂದಿನ ವಾರ ನೋಡಲು ಮನಸ್ಸು ಬರುವುದಿಲ್ಲ.

ಪುಸ್ತಕದಲ್ಲಿ ಎಡಕ್ಕೆ ಕನ್ನಡ, ಬಲಕ್ಕೆ ಪೂರ್ತಿ ತುಳು ವಾಕ್ಯ, ಅಂಚಿನಲ್ಲಿ ರೆಕಾರ್ಡಿಂಗ್‌ನ ನಿಮಿಷ. ‘ನಾನು’ ರೂಪದ ಕೊನೆಯ ಅಕ್ಷರದ ಕೆಳಗೆ ಕೆಂಪು ಗೆರೆ. ‘ಅವನು’ ರೂಪಕ್ಕೆ ಗೆರೆ ಇಲ್ಲ. ಕ್ರಿಯಾಪದ ಸಿಕ್ಕಿದರೆ ಒಂಟಿಯಾಗಿ ಬರೆಯುವುದಿಲ್ಲ. ಯಾನ್ ಬತ್ತೆ, ಆಯೆ ಬತ್ತೆ, ಆಲ್ ಬತ್ತಲ್, ಆರ್ ಬತ್ತೆರ್ ಎಂದು ಒಟ್ಟಿಗೆ. ಅದರ ಕೆಳಗೇ ಯಾನ್ ಬೈದೆ, ಅಂದರೆ ಬಂದಿದ್ದೇನೆ. ಒಂದು ರೂಪ ರೆಕಾರ್ಡಿಂಗ್‌ನಲ್ಲಿ ಇಲ್ಲದಿದ್ದರೆ ನಾನೇ ಊಹಿಸಿ ತುಂಬುವುದಿಲ್ಲ, ಜಾಗ ಖಾಲಿ ಬಿಟ್ಟು ಮುಂದಿನ ಪಾಠದಲ್ಲಿ ಮೇಡಂ ಬಾಯಿಂದಲೇ ಹೇಳಿಸುತ್ತೇನೆ.

ಕೇಳುವಾಗ ವೇಗ ಕಡಿಮೆ ಮಾಡುವ ಅಭ್ಯಾಸ ಬಿಟ್ಟೆ. ಪದ ಬಿಡಿಸಿಕೊಳ್ಳಲು ಅದು ಒಳ್ಳೆಯದೇ. ಆದರೆ ಕೊನೆಯ ಸ್ವರ ಎಳೆದಂತಾಗುತ್ತದೆ. ‘ನನಗೆ’ ಎನ್ನುವ ‘ಎಂಕ್’ ನನ್ನ ಕಿವಿಗೆ ‘ಎಂಕು’ ಎಂದೇ ಕೇಳಿ, ಹಾಗೇ ಬರೆದುಬಿಟ್ಟಿದ್ದೆ.

ಇನ್ನೊಂದು ಪದಕ್ಕೂ ಅರ್ಥ ಬರೆದರೆ ಸಾಲದು ಎಂದು ತಡವಾಗಿ ತಿಳಿಯಿತು. ಎಂಕುಲು, ನಮ ಎರಡಕ್ಕೂ ‘ನಾವು’ ಎಂದೇ ಬರೆದಿದ್ದೆ. ಎದುರಿಗೆ ಇರುವವರನ್ನೂ ಸೇರಿಸಿಕೊಂಡರೆ ನಮ, ಅವರನ್ನು ಬಿಟ್ಟರೆ ಎಂಕುಲು. ‘ನಮ ಪೋಯಿ’ ಎಂದರೆ ನೀವೂ ಬನ್ನಿ, ಎಲ್ಲರೂ ಹೋಗೋಣ. ‘ಎಂಕುಲು ಬರ್ಪ’ ಎಂದರೆ ಬರುವವರು ನಮ್ಮ ಮನೆಯವರು ಮಾತ್ರ. ಈಗ ಇಂಥ ವಾಕ್ಯದ ಪಕ್ಕ ಯಾರು ಯಾರಿಗೆ ಹೇಳಿದ್ದು ಎಂದೂ ಬರೆಯುತ್ತೇನೆ.

ಭಾನುವಾರ ಬೆಳಿಗ್ಗೆ ಬಲಗಡೆಯನ್ನು ಕಾಗದದಿಂದ ಮುಚ್ಚುತ್ತೇನೆ. ಕನ್ನಡ ಓದಿ, ತುಳು ಜೋರಾಗಿ ಹೇಳಿ, ಆಮೇಲೆ ಅಂಚಿನ ನಿಮಿಷಕ್ಕೆ ಹೋಗಿ ಮೇಡಂ ದನಿ ಕೇಳುತ್ತೇನೆ. ಕಾಗದ ತೆಗೆದು ಬರಹ ನೋಡುವುದು ಕೊನೆಗೆ. ಮೊದಲು ಅಕ್ಷರ ನೋಡಿದರೆ ಕಿವಿ ಕೇಳುವುದೇ ಇಲ್ಲ, ಕಣ್ಣು ಕನ್ನಡದಂತೆ ಓದಿಬಿಡುತ್ತದೆ. ಕಳೆದ ವಾರ ಹನ್ನೆರಡರಲ್ಲಿ ಮೂರು ತಪ್ಪಾದವು. ಮೂರೂ ಕೆಂಪು ಗೆರೆಯವೇ. ಅವನ್ನು ಈ ಭಾನುವಾರದ ಪಟ್ಟಿಯ ಮೇಲ್ತುದಿಗೆ ಮತ್ತೆ ಬರೆದಿಟ್ಟಿದ್ದೇನೆ.