ಎಕರೆ, ಗುಂಟೆ, ಹೆಕ್ಟೇರು: ಕಬ್ಬಿನ ಲೆಕ್ಕ ತಿದ್ದಿದ ನನ್ನ ಅನುಭವ

ಈ ಹಂಗಾಮಿನಲ್ಲೂ ನನ್ನ ಲೆಕ್ಕವೇ ಸರಿ ಎಂದಾಯಿತು. ಸತತ ಮೂರನೇ ಸಲ. "ಇಷ್ಟೊಂದು ತಿದ್ದುತ್ತಾ ಕೂತರೆ ಯಾವಾಗ ಮುಗಿಯುತ್ತೆ? ತಪ್ಪಿರೋ ಸಾಲು ಡಿಲೀಟ್ ಮಾಡಿ ಸರಾಸರಿ ತೆಗೆದುಕೊಡಿ" ಎಂದವರೇ ಈಗ ನನ್ನ ತಿದ್ದುಪಡಿ ಪುಸ್ತಕದ ಪ್ರತಿ ಕೇಳುತ್ತಿದ್ದಾರೆ. ಹಾಗಾಗಿ ಬರೆಯುತ್ತಿದ್ದೇನೆ. ಎಕ್ಸೆಲ್ ಗೊತ್ತಿರುವವರಿಗಾಗಿ ಬರೆದಿದ್ದು, ಬೇಸಿಕ್ ಹೇಳುವುದಿಲ್ಲ.

ಕೆಲಸ ಇದು. ಮಂಡ್ಯ ಸುತ್ತಿನ ಕಬ್ಬು ಬೆಳೆಗಾರರ ಒಂದು ಗುಂಪಿಗೆ ಒಂದು ಲೆಕ್ಕ ಬೇಕಿತ್ತು. ನಾಲೆ ನೀರಿನಲ್ಲಿ ಎಕರೆಗೆ ಎಷ್ಟು ಟನ್ ಬರುತ್ತಿದೆ, ಹನಿ ನೀರಾವರಿ ಹಾಕಿಸಿದವರಿಗೆ ಎಷ್ಟು ಬರುತ್ತಿದೆ? ಸುಮಾರು 640 ತಾಕು. ಸಕ್ಕರೆ ಕಾರ್ಖಾನೆಯ ತೂಕದ ಚೀಟಿಗಳು 3,800 ಹತ್ತಿರ. ಚೀಟಿಗೆ ಎರಡು ರೂಪಾಯಿಯಂತೆ ಕೊಟ್ಟು ನಾಲ್ಕು ಹುಡುಗರಿಂದ ಟೈಪ್ ಮಾಡಿಸಿದೆ. ಏಳೂವರೆ ಸಾವಿರ ಖರ್ಚಾಯಿತು.

ಮೊದಲ ಸಲ ಬಂದ ಉತ್ತರ ಹೀಗಿತ್ತು: ನಾಲೆ 52 ಟನ್, ಹನಿ 95 ಟನ್. ಸಭೆಯಲ್ಲಿ ಎಲ್ಲರಿಗೂ ಖುಷಿ. ಮರುದಿನವೇ ಹನಿ ನೀರಾವರಿಗೆ ಸಾಲ ಎತ್ತುವ ಮಾತು ಶುರುವಾಯಿತು. ಹಿಂದಿನ ಸಾಲಿನಲ್ಲಿ ಕೂತಿದ್ದ ನಿವೃತ್ತ ಮೇಷ್ಟ್ರೊಬ್ಬರು ಮಾತ್ರ ಎದ್ದು ನಿಂತರು. "ಅದೆಂಗಾಯ್ತದಪ್ಪ? ನಾನೂ ಡ್ರಿಪ್ ಹಾಕ್ಸಿವ್ನಿ. ನನ್ ಗದ್ದೇಲಿ ಐವತ್ತು ದಾಟಿಲ್ಲ." ನನ್ನ ಹತ್ತಿರ ಉತ್ತರ ಇರಲಿಲ್ಲ. ನನಗೆ ಬರಬೇಕಿದ್ದ ಎರಡನೇ ಕಂತು 12 ಸಾವಿರ ಅಲ್ಲೇ ನಿಂತಿತು.

ಮನೆಗೆ ಬಂದು ಮೇಷ್ಟ್ರ ಸಾಲನ್ನೇ ತೆಗೆದೆ. ವಿಸ್ತೀರ್ಣ 0.81, ಕಬ್ಬು 98 ಟನ್. ಭಾಗಿಸಿದರೆ 121. ಅವರಿಗಿರುವುದು ಎರಡು ಎಕರೆ. ಹಾಗಾದರೆ 0.81 ಎಲ್ಲಿಂದ ಬಂತು? ಹನಿ ನೀರಾವರಿ ಸಹಾಯಧನದ ಕಾಗದದಿಂದ. ಆ ಕಾಗದದಲ್ಲಿ ವಿಸ್ತೀರ್ಣ ಹೆಕ್ಟೇರಿನಲ್ಲಿರುತ್ತದೆ. ಒಂದು ಎಕರೆ ಅಂದರೆ 0.4047 ಹೆಕ್ಟೇರ್, ಎರಡು ಎಕರೆ ಅಂದರೆ 0.81. ಹನಿಯವರ ವಿಸ್ತೀರ್ಣವನ್ನು ಹುಡುಗರು ಆ ಕಾಗದ ನೋಡಿ ತುಂಬಿದ್ದರು. ನಾಲೆಯವರದ್ದನ್ನು ಪಹಣಿ ನೋಡಿ ತುಂಬಿದ್ದರು. ಕಾಲಂ ಮಾತ್ರ ಒಂದೇ, "ವಿಸ್ತೀರ್ಣ". ನಾನು ಯಾವ ಎರಡನ್ನು ಹೋಲಿಸಲು ಹೊರಟಿದ್ದೆನೋ, ಅಳತೆ ಬೆರೆತಿದ್ದೂ ಅದೇ ಎರಡರ ನಡುವೆ. ಸುಮ್ನೆ ಅಲ್ಲೊಂದು ಇಲ್ಲೊಂದು ತಪ್ಪಿದ್ದರೆ ಸರಾಸರಿಯಲ್ಲಿ ಕರಗಿಹೋಗುತ್ತಿತ್ತೇನೋ. ಇದು ಪೂರ್ತಿ ಹನಿಯ ಕಡೆಗೇ ವಾಲಿತ್ತು.

ಹೆಕ್ಟೇರ್ ಸಾಲುಗಳನ್ನು ಹುಡುಕುವುದು ಅಷ್ಟು ಕಷ್ಟವಾಗಲಿಲ್ಲ. 0.40, 0.61, 0.81, 1.21 ಮತ್ತೆ ಮತ್ತೆ ಬರುತ್ತಿದ್ದರೆ ಅವು ಒಂದು, ಒಂದೂವರೆ, ಎರಡು, ಮೂರು ಎಕರೆಗಳೇ. ಆದರೂ 1.21 ಕೈಕೊಡುತ್ತದೆ. ಅದು ಒಂದು ಎಕರೆ 21 ಗುಂಟೆಯೂ ಆಗಬಹುದು. ಅಂಥವಕ್ಕೆ ಕಾಗದ ತೆಗೆದು ನೋಡಲೇಬೇಕು. ತಮಾಷೆ ಅಂದರೆ 0.20 ಹೇಗೆ ಓದಿದರೂ ಸರಿಯೇ. ಹೆಕ್ಟೇರ್ ಆದರೂ ಅರ್ಧ ಎಕರೆ, 20 ಗುಂಟೆ ಆದರೂ ಅರ್ಧ ಎಕರೆ.

ನಿಜವಾಗಿ ನನ್ನ ನಿದ್ದೆ ಕೆಡಿಸಿದ್ದು ಗುಂಟೆ. ಪಹಣಿಯಲ್ಲಿ ಎರಡು ಎಕರೆ 20 ಗುಂಟೆ ಇದ್ದರೆ ಟೈಪ್ ಮಾಡುವವರು 2.20 ಎಂದು ಹೊಡೆಯುತ್ತಾರೆ. ಎಕ್ಸೆಲ್‌ಗೆ ಅದು ಎರಡೂ ಕಾಲಿಗಿಂತ ಕಮ್ಮಿ. ನಿಜಕ್ಕೆ ಅದು ಎರಡೂವರೆ. ಸಣ್ಣ ತಾಕಿನಲ್ಲಿ ಇದು ಇನ್ನೂ ಜೋರು. ಒಬ್ಬರದ್ದು 0.30, ಕಬ್ಬು 31 ಟನ್. ಹಾಗೇ ಭಾಗಿಸಿದರೆ ಎಕರೆಗೆ 103 ಟನ್. 30 ಗುಂಟೆ ಅಂದರೆ ಮುಕ್ಕಾಲು ಎಕರೆ, ಅಲ್ವಾ? 31ನ್ನು 0.75ರಿಂದ ಭಾಗಿಸಿದರೆ 41. ಇಲ್ಲಿ 0.30 ಅನ್ನುವ ಸಂಖ್ಯೆಯಲ್ಲಿ ಕಣ್ಣಿಗೆ ಕಾಣುವ ತಪ್ಪೇ ಇಲ್ಲ. ವಿಸ್ತೀರ್ಣದ ಕನಿಷ್ಠ, ಗರಿಷ್ಠ ನೋಡುವ ಯಾವ ಚೆಕ್ಕಿಗೂ ಇದು ಸಿಗುವುದಿಲ್ಲ.

ಕೊನೆಗೆ ದಾರಿ ಸಿಕ್ಕಿದ್ದು ಹೀಗೆ. ಎಲ್ಲ ಸಾಲುಗಳನ್ನು ಒಟ್ಟಿಗೆ ನೋಡುವುದು ಬಿಟ್ಟೆ. ಟೈಪ್ ಮಾಡಿದ ಹುಡುಗನ ಪ್ರಕಾರ ಬೇರೆ ಮಾಡಿ, ಚುಕ್ಕೆಯ ನಂತರದ ಎರಡು ಅಂಕಿಗಳನ್ನು ಮಾತ್ರ ನೋಡಿದೆ. 40 ಗುಂಟೆಗೆ ಒಂದು ಎಕರೆ. ಹಾಗಾಗಿ ಗುಂಟೆ ಬರೆದವನ ಸಾಲುಗಳಲ್ಲಿ ಚುಕ್ಕೆಯ ನಂತರ 39ಕ್ಕಿಂತ ಜಾಸ್ತಿ ಬರುವುದೇ ಇಲ್ಲ. ಇಬ್ಬರು ಹುಡುಗರದ್ದು ಹಾಗೇ ಇತ್ತು. ಮೂರನೆಯವನದ್ದು ಹೆಚ್ಚಾಗಿ .25, .50, .75. ಅವನು ಪಾಪ ತಾನೇ ಲೆಕ್ಕ ಹಾಕಿ ದಶಮಾಂಶ ಮಾಡಿಕೊಂಡು ಹೊಡೆದಿದ್ದ. ನಾಲ್ಕನೆಯವನು ಅರ್ಧ ಹಾಗೆ, ಅರ್ಧ ಹೀಗೆ. ಅವನ 90 ಚಿಲ್ಲರೆ ತಾಕುಗಳನ್ನು ಪಹಣಿ ಇಟ್ಟುಕೊಂಡು ಮತ್ತೆ ಟೈಪ್ ಮಾಡಿಸಿದೆ.

ಇನ್ನೊಂದು ಗಂಟು ಉಳಿದಿತ್ತು. 1.2 ಅಂತ ಕಂಡರೆ ಅದು 20 ಗುಂಟೆಯೋ, ಎರಡು ಗುಂಟೆಯೋ? ಕೊನೆಯ ಸೊನ್ನೆಯನ್ನು ಎಕ್ಸೆಲ್ ತಿಂದುಬಿಡುತ್ತದೆ. ಅದೇ ಹುಡುಗನ ಬೇರೆ ಸಾಲುಗಳಲ್ಲಿ 1.02, 3.05 ಥರದವು ಇದ್ದರೆ, ಅವನಿಗೆ ಮುಂದಿನ ಸೊನ್ನೆ ಹಾಕುವ ಅಭ್ಯಾಸ ಇದೆ ಎಂದರ್ಥ. ಆಗ 1.2 ಅಂದರೆ 20 ಗುಂಟೆ. ಅಂಥವು ಒಂದೂ ಇಲ್ಲದಿದ್ದರೆ ನಂಬಬೇಡಿ, ಕಾಗದ ನೋಡಿ. ಗುಂಟೆ ಎಂದು ಖಾತ್ರಿಯಾದ ಸಾಲಿಗೆ ಹಾಕಿದ ಫಾರ್ಮುಲಾ ಇದು:

```
=INT(C2)+ROUND((C2-INT(C2))*100,0)/40
```

ROUND ಬಿಡಬೇಡಿ. ಕಳೆದಾಗ ಬರುವ ಉತ್ತರ ಸರಿಯಾಗಿ 0.2 ಇರುವುದಿಲ್ಲ, ಹಿಂದೆ ಸಣ್ಣ ಬಾಲ ಅಂಟಿರುತ್ತದೆ. ಇನ್ನು `1-10` ಎಂದು ಅಡ್ಡಗೆರೆ ಹಾಕಿ ಹೊಡೆದರೆ ಎಕ್ಸೆಲ್ ಅದನ್ನು `01-Oct` ಮಾಡುತ್ತದೆ. ಸರ್ವೆ ನಂಬರ್ `12/3` ಹೋಗಿ `12-Mar` ಆಗುತ್ತದೆ. ಟೈಪ್ ಶುರು ಮಾಡುವ ಮೊದಲೇ ಆ ಕಾಲಂಗಳನ್ನು ಟೆಕ್ಸ್ಟ್ ಮಾಡಬೇಕು. ಆಮೇಲೆ ಮಾಡಿದರೆ 45 ಸಾವಿರದ ಆಸುಪಾಸಿನ ಯಾವುದೋ ನಂಬರ್ ಕೈಗೆ ಸಿಗುತ್ತದೆ. ತಳಿಯ ಕಾಲಂನಲ್ಲಿ ಇನ್ನೊಂದು ನಡೆದಿತ್ತು. ಒಬ್ಬ `Co 86032` ಎಂದು ಹೊಡೆದು ಮೌಸ್‌ನಲ್ಲಿ ಕೆಳಕ್ಕೆ ಎಳೆದಿದ್ದ. `Co 86033`, `Co 86034` ಎಂದು ಐವತ್ತು ಸಾಲು ಹೊಸ ತಳಿ ಹುಟ್ಟಿಕೊಂಡಿದ್ದವು.

ಡೂಪ್ಲಿಕೇಟ್ ವಿಷಯದಲ್ಲಿ ನಾನು ಮೊದಲು ಆತುರ ಮಾಡಿದೆ. ಒಂದೇ ರೈತ, ಒಂದೇ ದಿನ, ಒಂದೇ ತೂಕ ಎಂದು ಹುಡುಕಿ ಸುಮಾರು 140 ಚೀಟಿ ತೆಗೆದುಹಾಕಿದೆ. ಆಮೇಲೆ ನೋಡಿದರೆ ಅದರಲ್ಲಿ ಮೂವತ್ತು ಚಿಲ್ಲರೆ ನಿಜವಾದ ಲೋಡುಗಳೇ. ಒಂದೇ ಗಾಡಿ ಒಂದೇ ದಿನ ಎರಡು ಸಲ ಹೋದಾಗ ಕೆಲವು ಸಲ ಅದೇ ತೂಕ ಬರುತ್ತದೆ. ಚೀಟಿ ನಂಬರ್ ಒಂದೇ ಇದ್ದರೆ ಮಾತ್ರ ಡೂಪ್ಲಿಕೇಟ್, ಮೂಲ ಮತ್ತು ಕಾರ್ಬನ್ ಪ್ರತಿ ಎರಡನ್ನೂ ಟೈಪ್ ಮಾಡಿದ್ದು. ಹೆಸರುಗಳದ್ದು ಬೇರೆ ಕಥೆ. ನಮ್ಮ ಕಡೆ ತಾತನ ಹೆಸರೇ ಮೊಮ್ಮಗನಿಗೆ, ಒಂದೇ ಊರಿನಲ್ಲಿ ಅದೇ ಹೆಸರಿನವರು ಆರು ಜನ. ಒಂದೇ ಹೆಸರನ್ನು ಮೂರು ಥರ ಬರೆದಿರುತ್ತಾರೆ. ಅವನ್ನು ಒಂದು ಮಾಡಲು ನಾನೊಂದು ಕೀಲಿ ಕಾಲಂ ಮಾಡಿಕೊಂಡಿದ್ದೇನೆ. ಅದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ, ನನ್ನ ಹೊಟ್ಟೆಪಾಡು ಅದರಲ್ಲಿದೆ. ಸರ್ವೆ ನಂಬರ್ ಇಲ್ಲದೆ ಅದು ಕೆಲಸ ಮಾಡುವುದಿಲ್ಲ ಎಂದಷ್ಟೇ ಹೇಳುತ್ತೇನೆ.

ತೂಕದಲ್ಲೂ ಕೆಜಿ, ಕ್ವಿಂಟಲ್, ಟನ್ ಬೆರೆತಿದ್ದವು. 12,350 ಕಂಡರೆ ಕೆಜಿ, 12.35 ಕಂಡರೆ ಟ್ರ್ಯಾಕ್ಟರ್ ಲೋಡಿನ ಟನ್. 25 ಕಂಡರೆ ಮಾತ್ರ ತಲೆ ಕೆಡುತ್ತದೆ. ಲಾರಿಯಾದರೆ 25 ಟನ್, ಎತ್ತಿನ ಗಾಡಿಯಾದರೆ 25 ಕ್ವಿಂಟಲ್. ಹಾಗಾಗಿ ವಾಹನದ ಕಾಲಂ ಬೇಕೇ ಬೇಕು. ಈ ನೆಪದಲ್ಲಿ ಒಂದು ಪ್ರಯೋಗವನ್ನೂ ಮಾಡಿದೆ. ನಮ್ಮ ಚೀಟಿಗಳ ತೂಕದ ಕಾಟಾ ಹತ್ತು ಕೆಜಿ ಹೆಜ್ಜೆಯಲ್ಲಿ ತೋರಿಸುತ್ತದೆ. ಅಂದರೆ ಕೆಜಿಯಲ್ಲಿ ಬರೆದರೆ ಕೊನೆಯ ಅಂಕಿ ಸೊನ್ನೆಯೇ ಆಗಿರಬೇಕು. ಹಾಗಿಲ್ಲದ 60 ಚೀಟಿ ಸಿಕ್ಕವು. ಮೂಲ ಚೀಟಿ ನೋಡಿದರೆ ಬಹಳಷ್ಟು ಟೈಪಿಂಗ್ ತಪ್ಪು. ಇದು ಇಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ ಎಂದು ನಾನೇ ಅಂದುಕೊಂಡಿರಲಿಲ್ಲ.

ಇಷ್ಟೆಲ್ಲ ಆದ ಮೇಲೂ ಸುಮಾರು 45 ತಾಕುಗಳು ನಂಬಲು ಕಷ್ಟವಾದ ಲೆಕ್ಕ ತೋರಿಸುತ್ತಿದ್ದವು. ಎಕರೆಗೆ 100 ಟನ್‌ಗಿಂತ ಜಾಸ್ತಿ, ಇಲ್ಲವೇ 10ಕ್ಕಿಂತ ಕಮ್ಮಿ. ಡಿಲೀಟ್ ಮಾಡಿ ಎಂದು ಒತ್ತಾಯ ಬಂದಿದ್ದು ಇಲ್ಲೇ. ನಾನು ಬೈಕ್ ಹತ್ತಿ ಪಾಂಡವಪುರ, ಮದ್ದೂರು ಕಡೆಯ ಊರುಗಳಿಗೆ ಹೋದೆ. ಪೆಟ್ರೋಲಿಗೇ ಎರಡು ಸಾವಿರ ಹೋಯಿತು. ಕಮ್ಮಿ ಇದ್ದವರು ಬಹುಪಾಲು ಕಬ್ಬನ್ನು ಆಲೆಮನೆಗೆ ಕೊಟ್ಟಿದ್ದರು, ಇನ್ನು ಕೆಲವರು ಬಿತ್ತನೆಗೆ ಮಾರಿದ್ದರು. ಜಾಸ್ತಿ ಇದ್ದವರ ಹೆಸರಿನ ಕಟಾವು ಪರ್ಮಿಟ್‌ನಲ್ಲಿ ಅಣ್ಣತಮ್ಮಂದಿರ ಕಬ್ಬೂ ಹೋಗಿತ್ತು. ಟೈಪಿಂಗ್ ತಪ್ಪು ಒಂದೂ ಇಲ್ಲ. ಅಣ್ಣತಮ್ಮಂದಿರ ತಾಕು, ಚೀಟಿ ಎರಡನ್ನೂ ಕೂಡಿಸಿ ಒಂದು ಮಾಡಿದೆ. ಆಲೆಮನೆಯವರನ್ನು ಎಕರೆ ಲೆಕ್ಕದಿಂದ ಹೊರಗಿಟ್ಟೆ, ಫೈಲ್‌ನಿಂದ ಅಲ್ಲ. ಆಲೆಮನೆಗೆ ಸ್ವಲ್ಪವೇ ಕೊಟ್ಟವರು ಮಾತ್ರ ಈ ಬಲೆಗೆ ಬೀಳುವುದಿಲ್ಲ. ಹಾಗಾಗಿ ಈಗ ಪ್ರತಿಯೊಬ್ಬರನ್ನೂ ಆ ಪ್ರಶ್ನೆ ಕೇಳಿಯೇ ಬರೆಸುತ್ತೇನೆ.

ತಿದ್ದುಪಡಿ ಪುಸ್ತಕದಲ್ಲೂ ಮೊದಲು ಎಡವಿದೆ. ಎಕ್ಸೆಲ್‌ನ ಸಾಲಿನ ನಂಬರ್ ಹಾಕಿ ಬರೆಯುತ್ತಾ ಹೋದೆ. ಒಂದು ದಿನ ಫೈಲ್ ಸಾರ್ಟ್ ಮಾಡಿದೆ ನೋಡಿ, 200 ತಿದ್ದುಪಡಿಗಳಲ್ಲಿ ಯಾವುದು ಯಾವ ಸಾಲಿನದ್ದು ಎಂದೇ ಗೊತ್ತಾಗಲಿಲ್ಲ. ನಾಲ್ಕು ದಿನದ ಕೆಲಸ ಹೋಯಿತು. ಈಗ ಟೈಪ್ ಆದ ದಿನವೇ ಪ್ರತಿ ಸಾಲಿಗೆ ಬದಲಾಗದ ನಂಬರ್ ಕೊಡುತ್ತೇನೆ. ಮೂಲ ಫೈಲ್ ಮುಟ್ಟುವುದಿಲ್ಲ. ಪುಸ್ತಕದಲ್ಲಿ ಆ ನಂಬರ್, ಯಾವ ಕಾಲಂ, ಮೊದಲು ಏನಿತ್ತು, ಈಗ ಏನು, ಯಾಕೆ, ಯಾವ ಕಾಗದ ನೋಡಿದೆ ಅಥವಾ ಯಾರನ್ನು ಕೇಳಿದೆ, ತಾರೀಕು. ಮೇಷ್ಟ್ರದ್ದು ಹೀಗಿದೆ: "ನಂ. 212, ವಿಸ್ತೀರ್ಣ, 0.81, 2.00 ಎಕರೆ, ಹೆಕ್ಟೇರ್ ಇತ್ತು, ಸಹಾಯಧನದ ಕಾಗದ ಮತ್ತು ಪಹಣಿ ನೋಡಿದೆ." ಕಾರಣದ ಜಾಗ ಖಾಲಿ ಇದ್ದರೆ ಆ ತಿದ್ದುಪಡಿಯನ್ನು ವಾಪಸ್ ತೆಗೆಯುತ್ತೇನೆ.

ಎಲ್ಲ ಮುಗಿದ ಮೇಲೆ ನಾಲೆ 41 ಟನ್, ಹನಿ 48. ಸಾಲದ ಮಾತು ಅರ್ಧಕ್ಕೆ ಇಳಿಯಿತು, ನೀರು ಕಮ್ಮಿ ಬರುವ ನಾಲೆ ತುದಿಯ ಊರುಗಳಿಗೆ ಮಾತ್ರ ಎಂದಾಯಿತು. ನನ್ನ 12 ಸಾವಿರವೂ ಬಂತು.

ಕಳೆದ ತಿಂಗಳು ಒಬ್ಬ ಹುಡುಗ ಬಂದು, "ಅಣ್ಣ, ನಮ್ಮಪ್ಪಂದು ಒಂದು ಎಕರೆ ಹತ್ತು ಗುಂಟೆ. ನೀವು ಒಂದು ಎಕರೆ ನಾಲ್ಕು ಗುಂಟೆ ಅಂತ ಹಾಕಿದ್ದೀರ" ಎಂದ. ಪುಸ್ತಕ ತೆಗೆದೆ. ನಾನು 1.10ನ್ನು ದಶಮಾಂಶ ಎಂದುಕೊಂಡು ಹಾಗೇ ಬಿಟ್ಟಿದ್ದೆ. ಕಾರಣದ ಜಾಗದಲ್ಲಿ "ಮೂರನೇ ಹುಡುಗನ ಸಾಲು, ಪಹಣಿ ನೋಡಿಲ್ಲ" ಎಂದು ನನ್ನ ಕೈಬರಹದಲ್ಲೇ ಇತ್ತು. ಅವನು ಪಹಣಿ ತೋರಿಸಿದ. 1.25 ಎಂದು ತಿದ್ದಿ, ಕೆಳಗೆ ಹೊಸ ಸಾಲು ಬರೆದೆ. ಆಮೇಲೆ ಕೂತು ಮೂರನೇ ಹುಡುಗನ ಸಾಲುಗಳಲ್ಲಿ .25, .50, .75 ಅಲ್ಲದವನ್ನೆಲ್ಲ ಹುಡುಕಿದೆ. ಇನ್ನೂ ಏಳು ಸಿಕ್ಕಿವೆ. ಈ ವಾರ ಆ ಪಹಣಿಗಳನ್ನು ತೆಗೆಸಬೇಕು.