ಒಂಬತ್ತು ಸೆಕೆಂಡಿನ ಅಂತರ ಮಾಯವಾದದ್ದು

ನಾನು ರಾಯಚೂರಿನ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ನಮ್ಮ ಗ್ಯಾಲಕ್ಸಿಯೊಳಗಿಂದ ಬಂದ ಮೊದಲ ಕ್ಷಿಪ್ರ ರೇಡಿಯೊ ಸ್ಫೋಟದ ಲೆಕ್ಕವನ್ನು ಮಕ್ಕಳ ಕೈಯಲ್ಲೇ ಮಾಡಿಸಬೇಕೆಂದು, ಪ್ರಕಟವಾದ ಸಮಯಗಳನ್ನು ಬೋರ್ಡಿನ ಮೇಲೆ ಬರೆದೆ. 2020ರ ಏಪ್ರಿಲ್ 28, ನಮ್ಮ ಗಡಿಯಾರದಲ್ಲಿ ರಾತ್ರಿ 8 ಗಂಟೆ 4 ನಿಮಿಷ. ಎಸ್‌ಜಿಆರ್ 1935+2154 ಎಂಬ ಮ್ಯಾಗ್ನೆಟಾರ್‌ನಿಂದ, ಅಂದರೆ ಅತಿ ಪ್ರಬಲ ಕಾಂತತ್ವದ ನ್ಯೂಟ್ರಾನ್ ನಕ್ಷತ್ರದಿಂದ, ಹೊರಟ ಎಕ್ಸ್-ರೇ ಕಿರಣಗಳು ಉಪಗ್ರಹಗಳಿಗೆ ಸಿಕ್ಕಿದ್ದು 24ನೇ ಸೆಕೆಂಡಿನಲ್ಲಿ. ಕೆನಡಾದ ಚೈಮ್ ದೂರದರ್ಶಕ 400 ಮೆಗಾಹರ್ಟ್ಸ್‌ನಲ್ಲಿ ರೇಡಿಯೊ ಮಿಂಚು ಕಂಡದ್ದು 33ನೇ ಸೆಕೆಂಡಿನಲ್ಲಿ.

"ಸರ, ಒಂಬತ್ತು ಸೆಕೆಂಡ್ ಫರಕ್ ಐತಲ್ರೀ, ಎರಡೂ ಒಂದೇ ಸ್ಫೋಟ ಅಂತ ಹೆಂಗ ಹೇಳ್ತೀರಿ?" ಎಂದ ಹಿಂದಿನ ಬೆಂಚಿನ ಹುಡುಗ. ನಾನು ಕಾಯುತ್ತಿದ್ದ ಪ್ರಶ್ನೆ ಅದೇ.

ಸಿಂಧನೂರಿನಿಂದ ಬೈಕು, ಭತ್ತ ತುಂಬಿದ ಟ್ರ್ಯಾಕ್ಟರು ಒಟ್ಟಿಗೆ ಹೊರಟರೂ ರಾಯಚೂರಿಗೆ ಒಟ್ಟಿಗೆ ಬರುವುದಿಲ್ಲ. ನಕ್ಷತ್ರಗಳ ನಡುವಿನ ಬಿಡಿ ಎಲೆಕ್ಟ್ರಾನುಗಳು ರೇಡಿಯೊ ಅಲೆಗಳಿಗೆ ಹೀಗೆಯೇ ಮಾಡುತ್ತವೆ. ಆವರ್ತನ ಕಡಿಮೆಯಾದಷ್ಟೂ ಅಲೆ ತಡವಾಗುತ್ತದೆ. ಎಕ್ಸ್-ರೇಗೆ ಆ ತಡೆ ಲೆಕ್ಕಕ್ಕೇ ಇಲ್ಲ. ದಾರಿಯುದ್ದದ ಎಲೆಕ್ಟ್ರಾನುಗಳ ಒಟ್ಟು ಅಳತೆಯೇ ಡಿಎಂ. ಈ ಸ್ಫೋಟಕ್ಕೆ ಅದು 332.7. ಅದರಿಂದ ರೇಡಿಯೊ ಎಷ್ಟು ತಡವಾಯಿತೆಂದು ಹೀಗೆ ಲೆಕ್ಕ ಹಾಕಬಹುದು, 4.149 ಇಲ್ಲೊಂದು ಸ್ಥಿರಾಂಕ.

```python
DM = 332.7
f = 0.400  # GHz
print(4.149 * DM / f**2 / 1000)
```

ಉತ್ತರ ಸುಮಾರು 8.63 ಸೆಕೆಂಡ್. 33ರಿಂದ ಅದನ್ನು ಕಳೆದರೆ 24ನೇ ಸೆಕೆಂಡಿಗೇ ಬಂದು ನಿಲ್ಲುತ್ತೇವೆ.

ಮೊದಲ ಸಲ ಒಬ್ಬನೇ ಈ ಲೆಕ್ಕ ಮಾಡಿದಾಗ ನಾನು ಇಲ್ಲಿಗೇ ನಿಲ್ಲಿಸಿ ತಪ್ಪಿದ್ದೆ. ರೇಡಿಯೊದಲ್ಲಿ ಎರಡು ಮಿಂಚುಗಳಿದ್ದು, ಅವುಗಳ ನಡುವೆ 29 ಮಿಲಿಸೆಕೆಂಡ್ ಮಾತ್ರ. ಭೂಮಿಯ ಕೇಂದ್ರದಿಂದ ಮೇಲ್ಮೈಗೆ ಬೆಳಕಿಗೆ ಬೇಕಾಗುವ ಸಮಯವೇ 21 ಮಿಲಿಸೆಕೆಂಡ್. ಹಾಗಾಗಿ ದೂರದರ್ಶಕ, ಉಪಗ್ರಹ ಎರಡರ ಸಮಯವನ್ನೂ ಭೂಕೇಂದ್ರಕ್ಕೆ ತಿದ್ದದೆ ಹೋಲಿಸಿದರೆ ಒಂದು ಮಿಂಚನ್ನು ಇನ್ನೊಂದರ ಜೋಡಿಯೆಂದು ಭ್ರಮಿಸಬಹುದು. ತಿದ್ದಿದ ಮೇಲೆ ಎಕ್ಸ್-ರೇಯ ಎರಡು ಶಿಖರಗಳು ರೇಡಿಯೊದ ಎರಡು ಮಿಂಚುಗಳ ಪಕ್ಕದಲ್ಲೇ, ಕೆಲವೇ ಮಿಲಿಸೆಕೆಂಡ್ ವ್ಯತ್ಯಾಸದಲ್ಲಿ ಕೂರುತ್ತವೆ. ಅದನ್ನು ಕಂಡಾಗ ನನಗಾದ ಸಂತೋಷ ಇನ್ನೂ ನೆನಪಿದೆ.

"ಅಂದ್ರ ಮ್ಯಾಗ್ನೆಟಾರ್ ಎಕ್ಸ್-ರೇ ಬಿಟ್ಟಾಗೆಲ್ಲ ರೇಡಿಯೊನೂ ಬರ್ತದೇನ್ರೀ?"

ಒಗಟು ಇರುವುದು ಇಲ್ಲಿಯೇ. ಚೀನಾದ ಫಾಸ್ಟ್ ದೂರದರ್ಶಕ ಇದೇ ನಕ್ಷತ್ರವನ್ನು ನೋಡುತ್ತಿದ್ದಾಗ 29 ಎಕ್ಸ್-ರೇ ಸ್ಫೋಟಗಳಾದವು, ಒಂದಕ್ಕೂ ರೇಡಿಯೊ ಜೊತೆಗಿರಲಿಲ್ಲ. ರೇಡಿಯೊ ಕಿರಣ ಕಿರಿದಾಗಿದ್ದು ನಮ್ಮತ್ತ ತಿರುಗಿರಲಿಲ್ಲ ಎನ್ನುವವರಿದ್ದಾರೆ. ನನಗೆ ಅದೊಂದೇ ಸಾಲದು ಅನ್ನಿಸುತ್ತದೆ, ಏಕೆಂದರೆ ರೇಡಿಯೊ ಜೊತೆಗಿದ್ದ ಆ ಸ್ಫೋಟದ ಎಕ್ಸ್-ರೇಯೇ ಉಳಿದವುಗಳಿಗಿಂತ ಹೆಚ್ಚು ಶಕ್ತಿಯ ಕಡೆಗೆ ಚಾಚಿತ್ತು. ಮೂಲದಲ್ಲೇ ಏನೋ ಬೇರೆಯಾಗಿತ್ತು.

ಮರುದಿನ ಆ ಹುಡುಗ ಎಂ81 ಗ್ಯಾಲಕ್ಸಿಯ ಸ್ಫೋಟದ ಬಗ್ಗೆ ಓದಿಕೊಂಡು ಬಂದ. ಅದು ಬರುವುದು ಮುದಿ ನಕ್ಷತ್ರಗಳ ಗುಚ್ಛದಿಂದ. ಮ್ಯಾಗ್ನೆಟಾರ್ ಸಾಮಾನ್ಯವಾಗಿ ಹುಟ್ಟುವುದು ಭಾರಿ ನಕ್ಷತ್ರ ಸತ್ತಾಗ. ಭಾರಿ ನಕ್ಷತ್ರಗಳು ಬೇಗ ಸಾಯುತ್ತವೆ, ಮ್ಯಾಗ್ನೆಟಾರ್‌ಗಳ ಕಾಂತತ್ವವೂ ಬೇಗ ಕುಂದುತ್ತದೆ. "ಹಂಗಾದ್ರ ಅಲ್ಲಿ ಎಳೇ ಮ್ಯಾಗ್ನೆಟಾರ್ ಎಲ್ಲಿಂದ ಬಂತ್ರಿ, ಸರ?" ಸಣ್ಣ ನಕ್ಷತ್ರಗಳು ಸತ್ತು ಉಳಿಸುವ ಬಿಳಿ ಕುಬ್ಜಗಳಲ್ಲಿ ಎರಡು ಕೂಡಿ ಕುಸಿದಿರಬಹುದು ಎಂಬ ಊಹೆಯನ್ನು ಬೋರ್ಡಿನ ಮೇಲೆ ಬರೆದು, ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿದೆ.